ಹೊರಗೆ ಸುಡು ಬಿಸಿಲು, ಒಳಗೆ ಎಸಿ: ದುಬೈಗೆ ಬರುವ ಪುಟ್ಟ ಮಕ್ಕಳಿಗೆ ಬಟ್ಟೆ ಹಾಕುವುದು ಹೇಗೆ

ರಜೆಗೆ ಹಾಸನಕ್ಕೆ ಬಂದಿದ್ದೇನೆ. ಹೊರಗೆ ಜುಲೈ ತಿಂಗಳ ಸೋನೆ ಮಳೆ ಹಿಡಿದಿದೆ. ನಡುಮನೆಯಲ್ಲಿ ಚಿಕ್ಕಪ್ಪನ ಸೊಸೆ ಸೂಟ್‌ಕೇಸ್ ತುಂಬುತ್ತಿದ್ದಾಳೆ. ಅವಳು ಚಿಕ್ಕಮಗಳೂರಿನ ಹುಡುಗಿ. ಮುಂದಿನ ತಿಂಗಳು ಒಂದೂಮುಕ್ಕಾಲು ವರ್ಷದ ಮಗನನ್ನು ಕರೆದುಕೊಂಡು ದುಬೈನಲ್ಲಿರುವ ಗಂಡನ ಹತ್ತಿರ ಹೊರಟಿದ್ದಾಳೆ. ಸೂಟ್‌ಕೇಸಿನಲ್ಲಿ ಆಗಲೇ ಮೂರು ಉಣ್ಣೆ ಸ್ವೆಟರ್, ಎರಡು ಕುಲಾವಿ, ಒಂದು ದಪ್ಪ ಶಾಲು ಸೇರಿವೆ. "ಅಲ್ಲಿ ಎಲ್ಲ ಕಡೆ ಎಸಿ ಅಂತೆ ಅಕ್ಕಾ, ಮಗೂಗೆ ಶೀತ ಆದ್ರೆ?" ಅಂತ ಕೇಳಿದಳು.

ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಹೊರಟಿದ್ದೆ. ನಮ್ಮ ಕಡೆಯಿಂದ ಬರುವ ಎಲ್ಲರೂ ಹೀಗೇ ಯೋಚಿಸುತ್ತಾರೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಊರುಗಳು. ಬೆಳಿಗ್ಗೆ ಸಂಜೆ ತಣ್ಣಗಿರುತ್ತೆ. ಮಗು ಅಂದರೆ ಬೆಚ್ಚಗೆ ಸುತ್ತಬೇಕು ಅನ್ನುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ರೂಢಿ, ಇಲ್ಲಿಗೆ ಅದು ಸರಿ. ಆದರೆ ಆಗಸ್ಟಿನ ದುಬೈನಲ್ಲಿ ಹಗಲು 40 ಡಿಗ್ರಿ ದಾಟುತ್ತೆ, ರಾತ್ರಿಯೂ 30ರ ಆಸುಪಾಸಿನಲ್ಲೇ ಇರುತ್ತೆ, ಮೇಲೆ ಸಮುದ್ರದ ಕಡೆಯ ಜಿಗುಟು ಸೆಖೆ ಬೇರೆ. ಬಾಗಿಲು ತೆಗೆದು ಕಚೇರಿಯ ಒಳಗೆ ಹೋದರೆ 21, 22 ಡಿಗ್ರಿ. ಒಂದು ಬಾಗಿಲಿನ ಆಚೆ ಈಚೆ ಇಪ್ಪತ್ತು ಡಿಗ್ರಿ ವ್ಯತ್ಯಾಸ.

ಬಂದ ಹೊಸದರಲ್ಲಿ ವೀಸಾ, ಐಡಿ, ಬ್ಯಾಂಕು, ಮನೆ ಬಾಡಿಗೆ ಕರಾರು ಅಂತ ಕಚೇರಿಗಳಿಗೆ ಓಡಾಟ ತಪ್ಪುವುದಿಲ್ಲ. ಮಗುವನ್ನು ಬಿಟ್ಟು ಹೋಗಲು ಅಜ್ಜಿ ಮನೆ ಇಲ್ಲ, ಜೊತೆಗೇ ಕರೆದೊಯ್ಯಬೇಕು. ಆ ಒಂದು ದಿನದ ಬಗ್ಗೆಯೇ ಇಲ್ಲಿ ಹೇಳುತ್ತೇನೆ.

ಮೊದಲು ನಾನು ಮಾಡಿದ ತಪ್ಪು. ಮಗಳಿಗೆ ಆಗ ಒಂದೂವರೆ ವರ್ಷ. ಒಳಗೆ ಎಸಿ ಇರುತ್ತಲ್ಲ ಅಂತ ಮನೆಯಿಂದಲೇ ಬನಿಯನ್, ಮೇಲೆ ತುಂಬು ತೋಳಿನ ಫ್ರಾಕ್, ಅದರ ಮೇಲೆ ಸ್ವೆಟರ್ ಹಾಕಿ ಹೊರಟೆ. ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ದೂರದಲ್ಲಿ, ಹತ್ತು ನಿಮಿಷ ಬಿಸಿಲಲ್ಲಿ ನಡೆದೆವು. ಒಳಗೆ ಬರುವಷ್ಟರಲ್ಲಿ ಬನಿಯನ್ ಹಿಂಡುವ ಹಾಗೆ ಒದ್ದೆಯಾಗಿತ್ತು, ಆದರೆ ಸ್ವೆಟರಿನ ಕೆಳಗೆ ಇದ್ದುದರಿಂದ ನನಗೆ ಗೊತ್ತೇ ಆಗಲಿಲ್ಲ. ಟೋಕನ್ ತೆಗೆದುಕೊಂಡು ಕೂತ ಜಾಗದ ಮೇಲೆಯೇ ಎಸಿ ಗಾಳಿ ಬರುವ ಜಾಲರಿ ಇತ್ತು. ಅರ್ಧ ಗಂಟೆಯಲ್ಲಿ ಮಗು ಮುದುಡಿಕೊಂಡಳು. ಕತ್ತು ಮುಟ್ಟಿದರೆ ತಣ್ಣಗೆ. ಚಳಿ ಆಗಿದೆ ಅಂತ ಮೇಲೆ ಶಾಲು ಹೊದಿಸಿದೆ. ಅಷ್ಟರಲ್ಲಿ ಅವಳಿಗೆ ನಿದ್ದೆ, ನಮ್ಮ ಕೆಲಸವೂ ಮುಗಿಯಿತು. ಎಬ್ಬಿಸುವುದು ಬೇಡ ಅಂತ ಹಾಗೇ ಶಾಲು ಸಮೇತ ಎತ್ತಿಕೊಂಡು ಬಿಸಿಲಿಗೆ ಬಂದೆ. ಕಾರು ತಲುಪುವಾಗ ಮುಖ ಕೆಂಪಾಗಿ ಕೈಕಾಲು ಸಡಿಲಾಗಿತ್ತು, ಕರೆದರೆ ಕಣ್ಣು ಬಿಡಲು ತುಂಬ ಹೊತ್ತು ತೆಗೆದುಕೊಂಡಳು. ಎಲ್ಲ ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಕಾರಿನ ಎಸಿ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸಿದ ಮೇಲೆ ಸರಿಹೋದಳು. ಆ ಹತ್ತು ನಿಮಿಷ ನಾನು ಇವತ್ತಿಗೂ ಮರೆತಿಲ್ಲ.

ಅವತ್ತು ಮಗುವಿಗೆ ಚಳಿ ಆಗಿದ್ದು ಒದ್ದೆ ಬಟ್ಟೆಯಿಂದ. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತೆ. ಒಣ ಬಟ್ಟೆಯಲ್ಲಿರುವ ಮಗುವಿಗೆ 22 ಡಿಗ್ರಿ ಅಂದರೆ ನಮ್ಮ ಹಾಸನದ ಒಂದು ಒಳ್ಳೆಯ ಬೆಳಗಿನ ಹಾಗೆ, ಅಷ್ಟೇ. ಒದ್ದೆ ಬನಿಯನ್ ಮೇಲೆ ಎಷ್ಟು ಸ್ವೆಟರ್ ಹಾಕಿದರೂ ಆ ಒದ್ದೆ ಮೈಗೆ ಅಂಟಿಯೇ ಇರುತ್ತೆ. ಇನ್ನೊಂದು ಕಡೆ, ಪುಟ್ಟ ಮಕ್ಕಳ ಮೈ ನಮಗಿಂತ ಬೇಗ ಕಾಯುತ್ತೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಜಾಸ್ತಿ, ಹೊರಗಿನ ಬಿಸಿ ಬೇಗ ಒಳಗೆ ಇಳಿಯುತ್ತೆ. ದೊಡ್ಡವರಷ್ಟು ಬೆವರುವುದೂ ಇಲ್ಲ. ಹಾಗಾಗಿ ಎಸಿಯ ತಂಪಿಗಿಂತ ಹೊರಗಿನ ಬಿಸಿಗೆ ಹೆಚ್ಚು ಹೆದರಬೇಕು. ನೆಗಡಿ ಬರುವುದು ವೈರಸ್ಸಿನಿಂದ. ಜನ ತುಂಬಿದ ಕಚೇರಿಯಲ್ಲಿ ಅದು ಹೇಗೂ ಸಿಗುತ್ತೆ, ಅದಕ್ಕೆ ಸ್ವೆಟರ್ ಮದ್ದಲ್ಲ. ಮಗುವಿನ ಕೈ ತೊಳೆಸುವುದೇ ಮೇಲು.

ಈಗ ನಾನು ಮಾಡುವುದು ಇಷ್ಟು. ಮಗುವಿಗೆ ಬಟ್ಟೆ ಹೊರಗಿನ ಬಿಸಿಲಿಗೆ ತಕ್ಕ ಹಾಗೆ ಹಾಕುತ್ತೇನೆ, ಒಳಗಿನ ತಂಪಿಗೆ ಬೇಕಾದದ್ದು ಬ್ಯಾಗಿನಲ್ಲಿ ಇರುತ್ತೆ. ಮೈಮೇಲೆ ಒಂದೇ ಪದರ, ತೆಳು ಹತ್ತಿಯ ಸಡಿಲ ಅಂಗಿ, ತೆಳು ಚಡ್ಡಿ. ತಲೆಗೆ ಸುತ್ತ ಅಂಚಿರುವ ಬಟ್ಟೆ ಟೋಪಿ. ಬ್ಯಾಗಿನಲ್ಲಿ ಎರಡು ಒಣ ಬನಿಯನ್, ಮುಂದೆ ಗುಂಡಿ ಇರುವ ತುಂಬು ತೋಳಿನ ತೆಳು ಅಂಗಿ, ಒಂದು ತೆಳು ಪ್ಯಾಂಟು, ಕಾಲುಚೀಲ, ಒಂದು ಕೈ ಟವಲ್, ಹೊದಿಸಲು ಮಲ್ ಬಟ್ಟೆಯ ತುಂಡು, ನೀರು.

ಮುಂದೆ ಗುಂಡಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ತಲೆಯ ಮೇಲಿಂದ ಹಾಕುವ ಬಟ್ಟೆಯನ್ನು ನಿದ್ದೆಯಲ್ಲಿರುವ ಮಗುವಿಗೆ ಹಾಕಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಆಗ ನಾವು "ಇರಲಿ ಬಿಡು" ಅಂತೀವಿ. ನನಗೆ ಅವತ್ತು ಆಗಿದ್ದು ಅದೇ.

ಕಚೇರಿಯ ಬಾಗಿಲು ದಾಟಿದ ತಕ್ಷಣ ಬಟ್ಟೆ ಹೊದಿಸಬೇಡಿ. ಮೊದಲು ಟೋಪಿ ತೆಗೆಯಿರಿ. ಎರಡು ನಿಮಿಷ ಸುಮ್ನೆ ಕೂರಿಸಿ, ಮೈ ಒಂದಿಷ್ಟು ತಣಿಯಲಿ. ಅಂಗಿಯ ಒಳಗೆ ಕೈ ಹಾಕಿ ಬೆನ್ನು ಮುಟ್ಟಿ. ಒದ್ದೆ ಇದ್ದರೆ ಅಂಗಿ ತೆಗೆದು, ಟವಲಿನಲ್ಲಿ ಬೆನ್ನು, ಕತ್ತು, ಕಂಕುಳು ಒರೆಸಿ, ಒಣ ಬನಿಯನ್ ಹಾಕಿ. ಅದಾದ ಮೇಲೆ ಗುಂಡಿಯ ಅಂಗಿ. ಇದಕ್ಕೆ ಐದು ನಿಮಿಷ ಸಾಕು. ಟೋಕನ್ ತೆಗೆದುಕೊಳ್ಳುವ ಕೆಲಸ ಗಂಡನಿಗೆ ಬಿಡಿ. ಮೇಲೆ ನೋಡಿ, ಗಾಳಿ ನೇರ ಬೀಳುವ ಕುರ್ಚಿ ಬಿಟ್ಟು ಬೇರೆ ಕಡೆ ಕೂರಿ. ಕುರ್ಚಿ ಬದಲಾಯಿಸುವುದು ಎಷ್ಟೋ ಸಲ ಒಂದು ಸ್ವೆಟರಿಗೆ ಸಮ.

ಹತ್ತು ನಿಮಿಷದ ನಂತರ ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಕೈಕಾಲು ನೋಡಿ ನಿರ್ಧಾರ ಮಾಡಬೇಡಿ. ಪುಟ್ಟ ಮಕ್ಕಳ ಬೆರಳುಗಳು ಬೆಚ್ಚಗಿನ ಕೋಣೆಯಲ್ಲೂ ತಣ್ಣಗಿರಬಹುದು. ಕತ್ತು ಬೆಚ್ಚಗೆ ಒಣಗಿದ್ದರೆ ಬಟ್ಟೆ ಸರಿಯಾಗಿದೆ. ಬಿಸಿಯಾಗಿ ತೇವ ಇದ್ದರೆ ಒಂದು ಪದರ ತೆಗೆಯಿರಿ. ತಣ್ಣಗಿದ್ದರೆ ಒಂದು ಪದರ ಸೇರಿಸಿ. ಒಂದು ಎಚ್ಚರ: ಎಸಿಯಲ್ಲಿ ಕೂತ ನಮ್ಮ ಬೆರಳುಗಳೇ ತಣ್ಣಗಾಗಿರುತ್ತವೆ, ಅದರಲ್ಲಿ ಮುಟ್ಟಿದರೆ ಮಗು ಜ್ವರ ಬಂದಷ್ಟು ಬಿಸಿ ಅನಿಸುತ್ತೆ. ಕೈ ಉಜ್ಜಿಕೊಂಡು ಬೆಚ್ಚಗೆ ಮಾಡಿಕೊಂಡು ಮುಟ್ಟಿ. ಮಗು ಓಡಾಡುತ್ತಿದ್ದರೆ ಬನಿಯನ್, ಅಂಗಿ ಸಾಕು. ನಿದ್ದೆ ಹೋದರೆ ಮೈ ಅಲುಗುವುದಿಲ್ಲ, ಆಗ ಕಾಲುಚೀಲ ಹಾಕಿ, ಮಲ್ ಬಟ್ಟೆಯನ್ನು ಎದೆಯವರೆಗೆ ಹೊದಿಸಿ. ಮುಖ, ತಲೆ ಮುಚ್ಚಬೇಡಿ. ಕುಲಾವಿ ಅಂತೂ ಬೇಡವೇ ಬೇಡ. ಮೈ ಹೆಚ್ಚಾಗಿ ಕಾದಾಗ ಬಿಸಿ ಹೊರಗೆ ಹೋಗಲು ತಲೆಯೂ ಒಂದು ದಾರಿ.

ಹೊಸಬರು ಜಾಸ್ತಿ ತಪ್ಪುವುದು ಹೊರಗೆ ಬರುವಾಗ. ಕೆಲಸ ಮುಗಿದ ಖುಷಿಯಲ್ಲಿ ಸೀದಾ ಎದ್ದು ಹೊರಡುತ್ತೇವೆ. ಮೇಲಿನ ಅಂಗಿ, ಪ್ಯಾಂಟು, ಕಾಲುಚೀಲ, ಹೊದಿಕೆ ಎಲ್ಲ ಬಾಗಿಲಿನ ಒಳಗಿರುವಾಗಲೇ ತೆಗೆಯಬೇಕು, ಬಿಸಿಲಿಗೆ ಬಂದ ಮೇಲಲ್ಲ. ನೀರು ಕುಡಿಸಿ, ಟೋಪಿ ಹಾಕಿ, ಆಮೇಲೆ ಬಾಗಿಲು ತೆಗೆಯಿರಿ. ಗಂಡ ಮೊದಲು ಹೋಗಿ ಕಾರಿನ ಬಾಗಿಲುಗಳನ್ನು ತೆರೆದು, ಒಳಗಿನ ಕಾದ ಗಾಳಿ ಹೊರಹೋದ ಮೇಲೆ ಎಸಿ ಹಾಕಿ ಬಾಗಿಲ ಹತ್ತಿರ ತರಲಿ. ಮಗುವಿನ ಸೀಟಿನ ಬಕಲ್ ಲೋಹದ್ದು. ಅದನ್ನು ನಿಮ್ಮ ಕೈಯಲ್ಲಿ ಮುಟ್ಟಿ ನೋಡದೆ ಮಗುವನ್ನು ಕೂರಿಸಬೇಡಿ, ಚರ್ಮ ಸುಡುವಷ್ಟು ಕಾದಿರುತ್ತೆ. ಸೀಟಿನ ಬೆಲ್ಟಿನ ಕೆಳಗೆ ದಪ್ಪ ಸ್ವೆಟರ್ ಇರಬಾರದು. ಅಪಘಾತವಾದರೆ ಸ್ವೆಟರ್ ಅದುಮಿ ಬೆಲ್ಟ್ ಸಡಿಲವಾಗುತ್ತೆ. ಕಾರಿನ ಒಳಗೆ ತಂಪು ಜಾಸ್ತಿ ಆದರೆ ಬೆಲ್ಟ್ ಹಾಕಿದ ಮೇಲೆ ತೆಳು ಬಟ್ಟೆ ಹೊದಿಸಿ. "ಒಂದೇ ನಿಮಿಷ, ಕಾಗದ ಕೊಟ್ಟು ಬರ್ತೀನಿ" ಅಂತ ಮಗುವನ್ನು ಕಾರಿನಲ್ಲಿ ಯಾವತ್ತೂ ಬಿಡಬೇಡಿ.

ಸ್ಟ್ರೋಲರ್ ಬಗ್ಗೆ ಒಂದು ಮಾತು. ಬಿಸಿಲು ಬೀಳುತ್ತೆ ಅಂತ ಪೂರ್ತಿ ಬಟ್ಟೆ ಮುಚ್ಚಿ ತಳ್ಳುವವರನ್ನು ನೋಡುತ್ತೇನೆ, ಎದೆ ಧಸಕ್ ಅನ್ನುತ್ತೆ. ಬಟ್ಟೆ ತೆಳುವಾಗಿದ್ದರೂ ಒಳಗೆ ಗಾಳಿ ಆಡುವುದಿಲ್ಲ, ಹೊರಗಿಗಿಂತ ಒಳಗೇ ಹೆಚ್ಚು ಕಾಯುತ್ತೆ. ಮೇಲೆ ಕೊಡೆ ಹಿಡಿಯಿರಿ, ಸುತ್ತ ಗಾಳಿ ಬಿಡಿ. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಮಗು ಇದ್ದರೆ ಆ ಚೀಲ ಮತ್ತು ನಿಮ್ಮ ಮೈ ಸೇರಿ ಅದೇ ಒಂದು ಪದರ. ಮಗುವಿನ ಮೈಮೇಲೆ ಒಂದು ತೋಳಿಲ್ಲದ ಬನಿಯನ್ ಸಾಕು.

ಕತ್ತಿನ ಮಡಿಕೆಯಲ್ಲಿ, ಬೆನ್ನಲ್ಲಿ ಸಣ್ಣ ಕೆಂಪು ಬೆವರುಸಾಲೆ ಎದ್ದರೆ ನೀವು ಹಾಕುತ್ತಿರುವ ಬಟ್ಟೆ ಜಾಸ್ತಿ ಅಂತ ಅರ್ಥ. ಪೌಡರ್ ಬಳಿಯಬೇಡಿ, ಮಗು ಉಸಿರಲ್ಲಿ ಎಳೆದುಕೊಳ್ಳುತ್ತೆ. ತಣ್ಣೀರಲ್ಲಿ ಒರೆಸಿ ಒಣಗಿಸಿ, ಪದರ ಕಡಿಮೆ ಮಾಡಿ. ಆರು ಗಂಟೆ ಕಳೆದರೂ ಡೈಪರ್ ಒದ್ದೆಯಾಗದಿದ್ದರೆ, ಬಾಯಿ ಒಣಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ, ಡಾಕ್ಟರಿಗೆ ತೋರಿಸಿ. ಮೈ ಸುಡುತ್ತಾ ಇದ್ದು, ವಾಂತಿ ಆಗುತ್ತಿದ್ದರೆ ಅಥವಾ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಕಾಯಬೇಡಿ. ತಂಪಾದ ಜಾಗಕ್ಕೆ ತಂದು, ಬಟ್ಟೆ ಬಿಚ್ಚಿ, ಮೈಗೆ ನೀರು ಹಚ್ಚಿ ಗಾಳಿ ಬೀಸುತ್ತಾ 998ಕ್ಕೆ ಫೋನ್ ಮಾಡಿ. ಅದು ಅಲ್ಲಿನ ಆಂಬುಲೆನ್ಸ್ ನಂಬರ್. ಇಳಿದ ದಿನವೇ ಫೋನಿನಲ್ಲಿ ಉಳಿಸಿಕೊಳ್ಳಿ.

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಸೂಟ್‌ಕೇಸಿನಿಂದ ಎರಡು ಸ್ವೆಟರ್, ಕುಲಾವಿಗಳು ಹೊರಬಂದವು. ಒಂದು ಸ್ವೆಟರ್ ಉಳಿಯಿತು, ವಿಮಾನದ ಒಳಗೆ ಬೇಕಾಗುತ್ತೆ. ಅದನ್ನು ದುಬೈ ಏರ್‌ಪೋರ್ಟಿನ ಹೊರ ಬಾಗಿಲು ದಾಟುವ ಮೊದಲು ತೆಗೆಯಬೇಕು. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ತಾವೇ ಹೆಣೆದದ್ದಲ್ವಾ, ಬೇಜಾರಾಗಿರಬೇಕು ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ಮೊಮ್ಮಗನ ಹಳೆಯ ಎರಡು ಹತ್ತಿ ಅಂಗಿ ತೆಗೆದುಕೊಂಡು, ಎದೆಯ ನಡುವೆ ಸೀಳಿ, "ಎಷ್ಟು ಗುಂಡಿ ಇಡ್ಲಿ?" ಅಂತ ಕೇಳಿದರು. ಮೂರು ಸಾಕು ಅಂದೆ.