ಟಾನ್ಸಿಲ್ ಮೇಲೆ ಬಿಳಿ ಕಲೆ: ಒಂದೇ ಮನೆಯ ಅಕ್ಕ ತಮ್ಮನ ಗಂಟಲು

ಬನಹಟ್ಟಿಯ ಕಡೆ ನನ್ನದೊಂದು ಸಣ್ಣ ದವಾಖಾನೆ ಇದೆ. ಬರುವವರಲ್ಲಿ ಹೆಚ್ಚಿನವರು ಮಗ್ಗದ ಮನೆಯವರು, ಇಲ್ಲವೇ ಕಬ್ಬಿನ ಹೊಲದವರು. ಚಳಿ ಶುರುವಾದರೆ ಗಂಟಲು ನೋವಿನ ಮಕ್ಕಳೇ ಜಾಸ್ತಿ. ಈಗಂತೂ ತಾಯಂದಿರು ಮೊಬೈಲಿನ ಬ್ಯಾಟರಿ ಹಚ್ಚಿ, ಗಂಟಲಿನ ಫೋಟೊ ತೆಗೆದುಕೊಂಡೇ ಬರುತ್ತಾರೆ. "ಡಾಕ್ಟರ್ರ, ಗಂಟಲದಾಗ ಬೆಳ್ಳಗ ಕೀವು ಆಗೇತ್ರಿ, ಸ್ಟ್ರಾಂಗ್ ಗುಳಿಗಿ ಕೊಡ್ರಿ" ಅಂತ ಕೇಳುತ್ತಾರೆ.

ಬಿಳಿ ಕಂಡರೆ ಕೀವು, ಕೀವು ಅಂದರೆ ಆ್ಯಂಟಿಬಯೋಟಿಕ್. ಮೊದಮೊದಲು ನಾನೂ ಹೀಗೇ ನಡೆದವನು. ಆದರೆ ಆ ಬಿಳಿ ಬಣ್ಣ ಯಾವ ರೋಗಾಣು ಬಂದಿದೆ ಅನ್ನುವುದನ್ನು ಹೇಳುವುದಿಲ್ಲ. ಟಾನ್ಸಿಲ್ ಬಾತುಕೊಂಡಾಗ ಅಲ್ಲಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಸತ್ತ ಕಣಗಳು, ಜೊಳ್ಳು ಎಲ್ಲ ಸೇರಿ ಮೇಲೆ ಕಲೆಯಂತೆ ಕೂರುತ್ತವೆ. ವೈರಸ್ ಬಂದರೂ ಇದೇ ಆಗುತ್ತದೆ, ಬ್ಯಾಕ್ಟೀರಿಯಾ ಬಂದರೂ ಇದೇ. ಇದು ನನಗೆ ಸರಿಯಾಗಿ ಮನದಟ್ಟಾದದ್ದು ಒಂದೇ ಮನೆಯ ಇಬ್ಬರು ಮಕ್ಕಳಿಂದ.

ಅಕ್ಕನಿಗೆ ಎಂಟು ವರ್ಷ, 22 ಕಿಲೊ ತೂಕ. ಹಿಂದಿನ ದಿನ ಸಂಜೆಯವರೆಗೂ ಆಡಿಕೊಂಡಿದ್ದವಳಿಗೆ ರಾತ್ರಿ ಒಮ್ಮೆಲೇ ಜ್ವರ ಏರಿತ್ತು. ನಾನು ನೋಡಿದಾಗ 102 ಡಿಗ್ರಿ ಇತ್ತು. ತಲೆನೋವು, ಹೊಟ್ಟೆನೋವು, ಒಮ್ಮೆ ವಾಂತಿ. "ಉಗುಳು ನುಂಗಾಕೂ ಬರವಲ್ದ್ರಿ" ಅಂದಳು ತಾಯಿ. ಕೆಮ್ಮು ಇದೆಯಾ ಅಂದರೆ ಇಲ್ಲ, ಮೂಗು ಸೋರುತ್ತಾ ಅಂದರೆ ಅದೂ ಇಲ್ಲ. ಬಾಯಿ ತೆರೆಸಿದೆ. ಎರಡೂ ಟಾನ್ಸಿಲ್ ಕೆಂಪಗೆ ಬಾತಿದ್ದವು, ಮೇಲೆ ಬಿಳಿ ಕಲೆಗಳಿದ್ದವು. ಮೇಲಂಗುಳದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ದವಡೆಯ ಮೂಲೆಯ ಕೆಳಗೆ ಕೈ ಇಟ್ಟರೆ ಗಂಟು ಸಿಕ್ಕಿತು, ಮುಟ್ಟಿದ ಕೂಡಲೇ ಹುಡುಗಿ ಕೈ ತಳ್ಳಿದಳು.

ಇಂಥ ಗಂಟಲು ನೋಡುವಾಗ ನಾನು ನಾಲ್ಕು ವಿಷಯ ಎಣಿಸುತ್ತೇನೆ. 38 ಸೆಲ್ಸಿಯಸ್, ಅಂದರೆ 100.4 ಡಿಗ್ರಿಗಿಂತ ಜಾಸ್ತಿ ಜ್ವರ ಇದೆಯಾ? ಕೆಮ್ಮು ಇಲ್ಲವಾ? ಕತ್ತಿನ ಮುಂಭಾಗದ ಗಂಟು ಬಾತು, ಮುಟ್ಟಿದರೆ ನೋಯುತ್ತದಾ? ಟಾನ್ಸಿಲ್ ಬಾತಿದೆಯಾ, ಬಿಳಿ ಇದೆಯಾ? ಮೂರರಿಂದ ಹದಿನಾಲ್ಕು ವರ್ಷದ ಮಗುವಾದರೆ ಇನ್ನೊಂದು ಅಂಕ ಸೇರಿಸುತ್ತೇನೆ, 45 ದಾಟಿದವರಾದರೆ ಒಂದು ಕಳೆಯುತ್ತೇನೆ. ನೋಡಿ, ಬಿಳಿ ಕಲೆಗೆ ಇಲ್ಲಿ ಸಿಗುವುದು ಒಂದೇ ಅಂಕ. ಈ ಹುಡುಗಿಗೆ ಐದಕ್ಕೆ ಐದೂ ಬಂದವು. ಐದು ಬಂದರೂ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಖಂಡಿತ ಅಂತಲ್ಲ, ಸಂಶಯ ಬಲವಾಗುತ್ತದೆ ಅಷ್ಟೇ. ಗಂಟಲಿನ ಸ್ವಾಬ್ ತೆಗೆದು ಬಾಗಲಕೋಟೆಯ ಲ್ಯಾಬಿಗೆ ಕಳಿಸಿದೆ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತು ದಿನ ಅಂತ ಬರೆದೆ. ಪೆನ್ಸಿಲಿನ್ ಜಾತಿಯ ಔಷಧ ಮೊದಲು ಯಾವಾಗಲಾದರೂ ಅಲರ್ಜಿ ಆಗಿತ್ತಾ ಅಂತ ಕೇಳಿಕೊಂಡೇ ಬರೆದದ್ದು.

ಮೂರನೇ ದಿನ ಅದೇ ತಾಯಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದಳು. "ಇವನ್ಗೂ ಹಂಗ ಬೆಳ್ಳಗ ಆಗೇತ್ರಿ. ಅಕ್ಕನ ಔಷಧಾನ ಸ್ವಲ್ಪ ಕಡಿಮಿ ಮಾಡಿ ಹಾಕ್ಲೇನ್ರಿ?"

ಬಾಯಿ ತೆರೆಸಿ ನೋಡಿದರೆ ನಿಜಕ್ಕೂ ಹಾಗೇ ಇತ್ತು. ಎರಡು ಫೋಟೊ ಪಕ್ಕಪಕ್ಕ ಇಟ್ಟಿದ್ದರೆ ಯಾವುದು ಅಕ್ಕನದು, ಯಾವುದು ತಮ್ಮನದು ಅಂತ ನಾನೇ ಹೇಳುತ್ತಿರಲಿಲ್ಲ. ಆದರೆ ಗಂಟಲು ಬಿಟ್ಟು ಹುಡುಗನನ್ನು ನೋಡಿದರೆ ಬೇರೆಯೇ ಕಥೆ. ಮೂಗು ಸುರಿಯುತ್ತಿತ್ತು, ಕಣ್ಣು ಕೆಂಪಾಗಿ ನೀರಾಡುತ್ತಿತ್ತು, ದನಿ ಒಡೆದಿತ್ತು, ಕೆಮ್ಮು ಎರಡು ದಿನದಿಂದ ಇತ್ತು. ಗಂಟಲಿನ ಜೊತೆಗೆ ಮೂಗು, ಕಣ್ಣು, ಎದೆ ಮೂರೂ ಕೆಟ್ಟಿದ್ದರೆ ಅದು ಹೆಚ್ಚಾಗಿ ವೈರಸ್ಸಿನ ಕೆಲಸ. ಕಣ್ಣು ಕೆಂಪು, ಗಂಟಲಲ್ಲಿ ಬಿಳಿ, ಜೋರು ಜ್ವರ ಒಟ್ಟಿಗೆ ಬಂದರೆ ಅಡಿನೊವೈರಸ್ ಇರಬಹುದು ಅಂತ ನಾನು ಯೋಚಿಸುತ್ತೇನೆ.

ಆದರೂ ಅಕ್ಕನಿಗೆ ಅದೇ ವಾರ ಬಂದಿದೆ, ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಹಾಗಾಗಿ ಇವನ ಸ್ವಾಬ್ ಕೂಡ ತೆಗೆದೆ. ಸ್ವಾಬ್ ಅಂದರೆ ಉದ್ದ ಕಡ್ಡಿಗೆ ಹತ್ತಿ. ಅದನ್ನು ಎರಡೂ ಟಾನ್ಸಿಲ್ಲಿಗೆ, ಹಿಂದಿನ ಗೋಡೆಗೆ ಚೆನ್ನಾಗಿ ಉಜ್ಜಬೇಕು, ನಾಲಿಗೆಗೆ ತಾಗಿಸಬಾರದು. ಆ್ಯಂಟಿಬಯೋಟಿಕ್ ಒಂದು ಗುಳಿಗೆ ಹೊಟ್ಟೆಗೆ ಹೋಗಿದ್ದರೂ ಫಲಿತಾಂಶ ಕೆಡಬಹುದು. ಅದಕ್ಕೇ ಅಕ್ಕನ ಔಷಧ ಹಾಕಬೇಡ ಅಂದದ್ದು. ಫಲಿತಾಂಶಕ್ಕೆ ಎರಡು ದಿನ ಬೇಕು.

"ಎರಡು ದಿನ ಸುಮ್ನ ಕೂಡೂದೇನ್ರಿ?" ಅಂತ ಅಜ್ಜಿ ಗಾಬರಿಯಾದರು. ಅವರ ಭಯ ಸುಳ್ಳಲ್ಲ. ಸ್ಟ್ರೆಪ್ಟೊಕಾಕಸ್ ಗಂಟಲಿಗೆ ಸರಿಯಾಗಿ ಔಷಧ ಕೊಡದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬರುತ್ತದೆ. ಮೊಣಕಾಲು, ಪಾದದ ಕೀಲು ಒಂದಾದ ಮೇಲೊಂದು ಬಾಯುತ್ತವೆ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ಮಾತ್ರ ಕೆಟ್ಟು ಉಳಿಯಬಹುದು. ಐದರಿಂದ ಹದಿನೈದು ವರ್ಷದವರಲ್ಲಿ ಇದು ಜಾಸ್ತಿ. ಆದರೆ ಗಂಟಲು ನೋವು ಶುರುವಾದ ಒಂಬತ್ತು ದಿನದ ಒಳಗೆ ಔಷಧ ಶುರು ಮಾಡಿದರೂ ಈ ರೋಗವನ್ನು ತಡೆಯಬಹುದು. ಅಂದಮೇಲೆ ಎರಡು ದಿನ ಕಾಯಲು ಜಾಗ ಇದೆ ಅಲ್ವಾ? ಇದನ್ನು ಅಜ್ಜಿಗೆ ಹೇಳಿದಾಗ ಒಪ್ಪಿದರು.

ಆ ಎರಡು ದಿನ ಹುಡುಗನಿಗೆ ಪ್ಯಾರಸಿಟಮಾಲ್ ಸಿರಪ್ ಕೊಟ್ಟೆವು. 14 ಕಿಲೊ ಹುಡುಗ, 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್, ಒಂದು ಸಲಕ್ಕೆ 4 ಮಿಲಿ, ಆರು ತಾಸಿಗೊಮ್ಮೆ. ಬಾಟಲಿ ಮೇಲಿನ ಅಂಕಿ ನೋಡದೆ ಅಳೆಯಬೇಡಿ. 120 ಇರುವ ಬಾಟಲಿಯೂ ಅಂಗಡಿಯಲ್ಲಿರುತ್ತದೆ. ಸ್ವಾಬ್ ಫಲಿತಾಂಶದಲ್ಲಿ ಅಕ್ಕನಿಗೆ ಸ್ಟ್ರೆಪ್ಟೊಕಾಕಸ್ ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ಅವನ ಜ್ವರ ನಾಲ್ಕನೇ ದಿನಕ್ಕೆ ಇಳಿಯಿತು. ಬಿಳಿ ಕಲೆ ತಾನಾಗಿ ಹೋಯಿತು.

ಉಪ್ಪುನೀರಿನ ವಿಷಯ ಎಲ್ಲರೂ ಕೇಳುತ್ತಾರೆ. ಒಂದು ದೊಡ್ಡ ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಸಾಕು. ಒಂದು ಗುಟುಕು ಬಾಯಿಗೆ ಹಾಕಿ, ತಲೆ ಹಿಂದೆ ಮಾಡಿ, ಹದಿನೈದು ಇಪ್ಪತ್ತು ಎಣಿಸುವವರೆಗೆ ಗಂಟಲಲ್ಲಿ ಗುಳುಗುಳು ಮಾಡಿ ಉಗುಳಬೇಕು. ಲೋಟ ಮುಗಿಯುವವರೆಗೆ ಹೀಗೆ, ದಿನಕ್ಕೆ ನಾಲ್ಕೈದು ಸಲ. ಬಾವು ಸ್ವಲ್ಪ ಹಗುರಾಗುತ್ತದೆ, ಲೋಳೆ ಸಡಿಲವಾಗುತ್ತದೆ, ನುಂಗಲು ಬರುತ್ತದೆ. ಸ್ಟ್ರೆಪ್ಟೊಕಾಕಸ್ ಇದರಿಂದ ಸಾಯುವುದಿಲ್ಲ. ಅರಿಶಿನ ಹಾಕಿದರೂ ಅಷ್ಟೇ. ನೀರು ಜಾಸ್ತಿ ಬಿಸಿ ಇದ್ದಷ್ಟು ಒಳ್ಳೆಯದು ಅಂತ ಬಾಯಿ ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ. ಐದಾರು ವರ್ಷದೊಳಗಿನ ಮಕ್ಕಳು ಗುಳುಗುಳು ಮಾಡಲು ಹೋಗಿ ನುಂಗುತ್ತಾರೆ, ಇಲ್ಲವೇ ನೆತ್ತಿಗೆ ಹತ್ತಿಸಿಕೊಳ್ಳುತ್ತಾರೆ. ಅವರಿಗೆ ತೆಳು ಗಂಜಿ, ತಣ್ಣಗಿನ ಮಜ್ಜಿಗೆಯೇ ಸರಿ. ವರ್ಷ ತುಂಬಿದ ಮಗುವಿಗೆ ಒಂದು ಚಮಚ ಜೇನೂ ಆಗುತ್ತದೆ. ಅಂಗಡಿಯ ಅಯೋಡಿನ್ ಗಾರ್ಗಲ್ ಅನ್ನು ಗರ್ಭಿಣಿಯರು, ಥೈರಾಯ್ಡ್ ಇರುವವರು ಕೇಳದೆ ಬಳಸಬಾರದು. ಬಟ್ಟೆ ಸುತ್ತಿದ ಬೆರಳಿನಿಂದ ಬಿಳಿಯನ್ನು ಒರೆಸಿ ತೆಗೆಯುವುದಂತೂ ಬೇಡವೇ ಬೇಡ.

ನನ್ನಿಂದಾದ ಒಂದು ತಪ್ಪನ್ನೂ ಹೇಳಬೇಕು. ಪಿಯುಸಿ ಓದುತ್ತಿದ್ದ ಹದಿನೇಳರ ಹುಡುಗ, ಗರಡಿಮನೆಗೆ ಹೋಗುವವನು. ವಾರದಿಂದ ಜ್ವರ, ಟಾನ್ಸಿಲ್ ಪೂರ್ತಿ ಬಿಳಿ. ನಾನು ಬಿಳಿ ನೋಡಿ ಅಮಾಕ್ಸಿಸಿಲಿನ್ ಬರೆದೆ. ಆರನೇ ದಿನ ಮೈತುಂಬ ಕೆಂಪು ದದ್ದು ಎದ್ದು ಬಂದ. ಆಗ ಸರಿಯಾಗಿ ಮುಟ್ಟಿ ನೋಡಿದೆ. ಕತ್ತಿನ ಹಿಂಭಾಗದಲ್ಲೂ ಗಂಟುಗಳು, ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಕೈಗೆ ಸಿಗುತ್ತಿತ್ತು. "ಮೆಟ್ಟಿಲು ಹತ್ತಿದ್ರ ಸುಸ್ತಾಗ್ತೈತ್ರಿ" ಅಂತ ಮೊದಲ ದಿನವೇ ಅವನು ಹೇಳಿದ್ದ, ನಾನು ಗಮನ ಕೊಟ್ಟಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಅಂತ ಗೊತ್ತಾಯಿತು. ಈ ವೈರಸ್ ಇದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಇಂಥ ದದ್ದು ಏಳುವುದುಂಟು. ಔಷಧ ನಿಲ್ಲಿಸಿದೆ. ದದ್ದು ಹೋಯಿತು. ದದ್ದಿಗಿಂತ ನನ್ನನ್ನು ಹೆದರಿಸಿದ್ದು ಅವನ ಕುಸ್ತಿ. ಊದಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ ಅದು ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಒಂದು ತಿಂಗಳು ಅಖಾಡಕ್ಕೆ ಇಳಿಯಬೇಡ ಅಂದೆ. ಅವನ ಉಸ್ತಾದರಿಗೂ ಫೋನ್ ಮಾಡಿ ಹೇಳಿದೆ. ಅಂದಿನಿಂದ ಹದಿಹರೆಯದವರ ಗಂಟಲು ನೋಡಿದರೆ ಕತ್ತಿನ ಹಿಂಭಾಗವನ್ನೂ ಹೊಟ್ಟೆಯನ್ನೂ ಮುಟ್ಟದೆ ಬಿಡುವುದಿಲ್ಲ.

ಇನ್ನು, ಕಾಯಲೇಬಾರದ ಗಂಟಲುಗಳಿವೆ. ಬಿಳಿ ಚುಕ್ಕೆಯಾಗಿರದೆ ಬೂದು ಬಣ್ಣದ ಪೊರೆಯಾಗಿ, ಟಾನ್ಸಿಲ್ ದಾಟಿ ಕಿರುನಾಲಿಗೆಯವರೆಗೆ ಹಬ್ಬಿದ್ದರೆ, ಅಂಟಿಕೊಂಡಿದ್ದು ಕೆದಕಿದರೆ ರಕ್ತ ಬರುವಂತಿದ್ದರೆ, ಕತ್ತು ಊದಿಕೊಂಡಿದ್ದರೆ ಅದು ಗಂಟಲಮಾರಿ ಇರಬಹುದು, ಅಂದರೆ ಡಿಫ್ತೀರಿಯಾ. ಅದರಲ್ಲಿ ಜ್ವರ ಅಷ್ಟೇನೂ ಇರದೆಯೂ ಇರಬಹುದು. ನಮ್ಮ ಉತ್ತರ ಕರ್ನಾಟಕದಿಂದ ಅದು ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ನಾನು ಪ್ರತಿ ಮಗುವಿನ ತಾಯಿ ಕಾರ್ಡ್ ಕೇಳುತ್ತೇನೆ. ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದನ್ನು ಎಲ್ಲರೂ ಹಾಕಿಸಿರುತ್ತಾರೆ. ಒಂದೂವರೆ ವರ್ಷದ್ದು, ಐದು ವರ್ಷದ್ದು ತಪ್ಪಿರುತ್ತದೆ. ಕಬ್ಬು ಕಡಿಯಲು ಊರೂರು ತಿರುಗುವ ಮನೆಗಳಲ್ಲಿ ಹೀಗಾಗುವುದನ್ನು ನೋಡಿದ್ದೇನೆ. ಗಂಟಲಮಾರಿ ಸಂಶಯ ಬಂದರೆ ನಾನು ಸ್ವಾಬ್ ಫಲಿತಾಂಶಕ್ಕೂ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಅದರ ವಿಷ ಇಳಿಸುವ ಚುಚ್ಚುಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಜೀವ ಉಳಿಯುತ್ತದೆ.

ಒಂದೇ ಕಡೆ ವಿಪರೀತ ನೋವು, ಬಾಯಿ ಎರಡು ಬೆರಳಷ್ಟೂ ತೆರೆಯಲು ಬಾರದಿರುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂಥ ಮಾತು, ಇವು ಟಾನ್ಸಿಲ್ ಪಕ್ಕ ಕೀವು ತುಂಬಿದ ಗುರುತು. ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಉಸಿರೆಳೆಯುವಾಗ ಸದ್ದು ಬಂದರೆ, ಮಗು ಎಂಟು ತಾಸು ಮೂತ್ರ ಮಾಡದಿದ್ದರೆ ರಾತ್ರಿಯಾದರೂ ಸರಿ, ಹೊರಡಬೇಕು. ಉಳಿದವರಿಗೆ ನಾನು ಹೇಳುವುದು ಇಷ್ಟು: ಮೂರು ದಿನ ದಾಟಿದರೂ ಜ್ವರ ಇದ್ದರೆ ತೋರಿಸಿ. ಕೆಮ್ಮು ನೆಗಡಿ ಇಲ್ಲದೆ ಜೋರು ಜ್ವರ, ಗಂಟಲಲ್ಲಿ ಬಿಳಿ ಇದ್ದರೆ ಮೊದಲ ದಿನವೇ ತೋರಿಸಿ.

ಅಕ್ಕನ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಎರಡು ದಿನಕ್ಕೆ ಜ್ವರ ಬಿಟ್ಟಿತ್ತು, ನಾಲ್ಕನೇ ದಿನ ಶಾಲೆಗೂ ಹೋದಳು. ಐದನೇ ದಿನ ತಂದೆಗೆ ಫೋನ್ ಮಾಡಿದರೆ, "ಆರಾಮ ಆಗ್ಯಾಳ್ರಿ, ಗುಳಿಗಿ ನಿಲ್ಲಿಸೇವಿ. ಉಳದದ್ದು ಮುಂದ ಬೇಕಾಗ್ತಾವಂತ ಅವ್ವ ಡಬ್ಬಿಯಾಗ ಇಟ್ಟಾಳ" ಅಂದ. ಹತ್ತು ದಿನ ಬರೆದದ್ದು ನೋವಿಗಲ್ಲ, ಗಂಟಲಲ್ಲಿ ಅಡಗಿ ಉಳಿದ ರೋಗಾಣುವಿಗೆ, ಹೃದಯದ ಸಲುವಾಗಿ ಅಂತ ಮತ್ತೊಮ್ಮೆ ಬಿಡಿಸಿ ಹೇಳಿದೆ. ತಪ್ಪಿದ್ದು ಒಂದೇ ದಿನ. ಆ ರಾತ್ರಿಯಿಂದಲೇ ಮತ್ತೆ ಶುರು ಮಾಡಿದರು. ಕೊನೆಗೆ ಅಜ್ಜಿಯೇ ಖಾಲಿ ಪಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟು, "ಎಣಿಸಿ ನೋಡ್ರಿ, ಇಪ್ಪತ್ತೂ ನುಂಗ್ಯಾಳ" ಅಂದರು.