ನಮ್ಮ ಕಿರಾಣಿ ಅಂಗಡಿಯ ದಾಸ್ತಾನು ಲೆಕ್ಕ: ತಿಂಗಳ ಎಣಿಕೆಯೂ ಗೆರೆ ಪುಸ್ತಕವೂ

ದಾವಣಗೆರೆಯ ಒಂದು ಬಡಾವಣೆಯಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಗಲ್ಲಾದಲ್ಲಿ ನಾನು, ಸಂಜೆ ಹೊತ್ತು ನನ್ನ ಹೆಂಡತಿ, ತೂಕ ಮಾಡಿ ಕೊಡಲು ಒಬ್ಬ ಹುಡುಗ. ಇಷ್ಟೇ ನಮ್ಮ ಸಿಬ್ಬಂದಿ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಬಂದಾಗಲೆಲ್ಲ ಹೇಳುವ ಮಾತು ಒಂದೇ: ‘ಯಾವ ಕ್ಷಣದಲ್ಲಿ ಬೇಕಾದರೂ ಅಂಗಡಿಯಲ್ಲಿ ಏನೆಷ್ಟಿದೆ ಎಂದು ಮೊಬೈಲಿನಲ್ಲೇ ನೋಡಬಹುದು ಸಾರ್.’ ಇದು ನಿರಂತರ ದಾಸ್ತಾನು ಪದ್ಧತಿ. ಸರಕು ಒಳಗೆ ಬಂದಾಗಲೊಮ್ಮೆ, ಮಾರಾಟವಾದಾಗಲೊಮ್ಮೆ ಲೆಕ್ಕಕ್ಕೆ ಏರುತ್ತದೆ. ಉಳಿಕೆ ಪುಸ್ತಕದಲ್ಲೇ ಸಿಗುತ್ತದೆ. ಇನ್ನೊಂದು ಅವಧಿ ಪದ್ಧತಿ. ಇದರಲ್ಲಿ ಮಾರಾಟವಾದ ಒಂದೊಂದು ಪೊಟ್ಟಣವನ್ನೂ ಬರೆಯುವುದಿಲ್ಲ. ತಿಂಗಳಿಗೋ ವರ್ಷಕ್ಕೋ ಒಮ್ಮೆ ಕಪಾಟು ಎಣಿಸಿ, ಹಿಂದಿನ ಉಳಿಕೆಗೆ ಖರೀದಿ ಸೇರಿಸಿ, ಈಗಿನ ಉಳಿಕೆ ಕಳೆದರೆ ಬರುವುದೇ ಮಾರಾಟವಾದ ಸರಕಿನ ಅಸಲು.

ಎರಡನ್ನೂ ನಡೆಸಿ ನೋಡಿದ್ದೇನೆ. ಸ್ಕ್ಯಾನರ್ ಇಟ್ಟುಕೊಂಡು ಕೆಲವು ತಿಂಗಳು ಎಲ್ಲವನ್ನೂ ಬಿಲ್ ಮಾಡಿದಾಗ ತಿಳಿದದ್ದೇನೆಂದರೆ, ಕಷ್ಟವಿರುವುದು ಮಾರಾಟದಲ್ಲಿ ಅಲ್ಲ, ಖರೀದಿಯಲ್ಲಿ. ಬಿಸ್ಕತ್ತಿನ ವಿತರಕರ ಬಿಲ್ಲಿನಲ್ಲಿ ಇಪ್ಪತ್ತು ಸಾಲು ಇರುತ್ತದೆ. ಒಂದು ಸಾಲಿನಲ್ಲಿ ಹನ್ನೆರಡಕ್ಕೆ ಒಂದು ಉಚಿತ. ಆ ಹದಿಮೂರನೆಯ ಪೊಟ್ಟಣವನ್ನು ಸೊನ್ನೆ ಬೆಲೆಗೆ ಒಳಗೆ ತೆಗೆದುಕೊಳ್ಳದಿದ್ದರೆ, ಅದು ಮಾರಾಟವಾದ ದಿನ ಪರದೆಯ ಮೇಲೆ ಉಳಿಕೆ ‘-1’ ಎಂದು ಕಾಣಿಸುತ್ತದೆ. ಶಾಂಪೂ ಬರುವುದು ಸರದಲ್ಲಿ, ಹೋಗುವುದು ಒಂದೊಂದು ಸ್ಯಾಷೆಯಾಗಿ. ಸರವನ್ನು ಬಿಡಿಯಾಗಿ ಒಡೆಯುವ ಲೆಕ್ಕವನ್ನು ಮೊದಲೇ ಕೂರಿಸಿರಬೇಕು. ಐದು ರೂಪಾಯಿ ಪೊಟ್ಟಣವನ್ನು ಕೊಟ್ಟು ಹತ್ತು ರೂಪಾಯಿಯದನ್ನು ಬಿಲ್ ಮಾಡಿದರೆ ಒಂದು ಹೆಚ್ಚಾಗಿ, ಇನ್ನೊಂದು ಕಡಿಮೆಯಾಗಿ ನಿಲ್ಲುತ್ತದೆ. ಇದನ್ನೆಲ್ಲ ದಿನವೂ ಕುಳಿತು ಸರಿಪಡಿಸುವ ಒಬ್ಬ ಗುಮಾಸ್ತನಿದ್ದರೆ ನಿರಂತರ ಪದ್ಧತಿ ಬಂಗಾರ. ಇಲ್ಲದಿದ್ದರೆ, ಮೈನಸ್ ಉಳಿಕೆಯ ಸಾಮಾನು ಹೆಚ್ಚುತ್ತಾ ಹೋದಂತೆ ಆ ಪರದೆಯನ್ನು ಯಾರೂ ನಂಬುವುದಿಲ್ಲ. ನಂಬಲಾಗದ ಲೆಕ್ಕಕ್ಕಿಂತ ಲೆಕ್ಕವಿಲ್ಲದಿರುವುದೇ ಮೇಲು, ಏಕೆಂದರೆ ಆಗ ಕನಿಷ್ಠ ಎದ್ದು ಹೋಗಿ ಕಪಾಟನ್ನಾದರೂ ನೋಡುತ್ತೇವೆ.

ಬಿಡಿ ಸಾಮಾನಿನ ಕತೆ ಇನ್ನೂ ಬೇರೆ. ಸಕ್ಕರೆಯನ್ನೇ ನೋಡಿ. ಐವತ್ತು ಕಿಲೋ ಚೀಲ, ಕಿಲೋಗೆ ಅಸಲು 42 ರೂಪಾಯಿ, ಮಾರುವುದು 44ಕ್ಕೆ. ಕಾಲು ಕಿಲೋ ಪೊಟ್ಟಣ ಕಟ್ಟಿದರೆ 200 ಪೊಟ್ಟಣ, ತಲಾ 11 ರೂಪಾಯಿ, ಚೀಲಕ್ಕೆ ನೂರು ರೂಪಾಯಿ ಲಾಭ. ತೂಕದ ಯಂತ್ರ 255 ಗ್ರಾಂ ತೋರಿಸಿದಾಗ ಹುಡುಗ ಐದು ಗ್ರಾಂ ತೆಗೆಯುವ ಗೋಜಿಗೆ ಹೋಗದೆ ಗಂಟು ಹಾಕಿದರೆ ಆಗುವುದು 196 ಪೊಟ್ಟಣ. 2,156 ರೂಪಾಯಿ ಬಂತು, 2,100 ಅಸಲು ಹೋಯಿತು, ಲಾಭ 56. ಐದು ಗ್ರಾಂ ಎಂದರೆ ಚಿಟಿಕೆ. ಅದು ಚೀಲದ ಲಾಭದ ಹೆಚ್ಚುಕಡಿಮೆ ಅರ್ಧದಷ್ಟನ್ನು ತಿಂದಿತು. ಸಾಫ್ಟ್‌ವೇರ್ ಇಲ್ಲಿ ಒಂದು ಉಪಕಾರ ಮಾಡುತ್ತದೆ: ಚೀಲ ಖಾಲಿಯಾದರೂ ‘1 ಕಿಲೋ ಇದೆ’ ಎಂದು ತೋರಿಸುತ್ತದೆ. ಆ ಸುಳ್ಳು ಉಳಿಕೆಯೇ ಸೋರಿಕೆಯ ಅಳತೆ. ಅವಧಿ ಪದ್ಧತಿಯಲ್ಲಿ ಆ ಒಂದು ಕಿಲೋ ‘ಮಾರಾಟವಾದ ಸರಕು’ ಎಂಬ ಮೊತ್ತದೊಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ. ಈ ಪದ್ಧತಿಯ ನಿಜವಾದ ಕೊರತೆ ಇದೇ. ಮಾರಿದ್ದು, ಚೆಲ್ಲಿದ್ದು, ಇಲಿ ತಿಂದದ್ದು, ಕದ್ದದ್ದು ಎಲ್ಲವೂ ಅದಕ್ಕೆ ಒಂದೇ.

ಆದರೂ ನಾನು ಈಗ ನಡೆಸುತ್ತಿರುವುದು ಅವಧಿ ಪದ್ಧತಿಯನ್ನೇ. ಆ ಕೊರತೆಗೆ ಪಕ್ಕದಲ್ಲೊಂದು ಸಣ್ಣ ತೇಪೆ ಹಾಕಿಕೊಂಡಿದ್ದೇನೆ. ಮೊದಲು ಎಣಿಕೆಯ ವಿಚಾರ.

ತಿಂಗಳ ಕೊನೆಯ ರಾತ್ರಿ ಬಾಗಿಲು ಹಾಕಿದ ಮೇಲೆ ಎಣಿಸುತ್ತೇವೆ. ಸಾಮಾನಿನ ಪಟ್ಟಿ ಹಿಡಿದು ಕಪಾಟಿನಲ್ಲಿ ಹುಡುಕುವುದಿಲ್ಲ. ಬಾಗಿಲಿನ ಎಡಗಡೆಯ ಕಪಾಟಿನಿಂದ ಶುರುಮಾಡಿ ಕಪಾಟು ಹೇಳಿದಂತೆ ಬರೆಯುತ್ತಾ ಹೋಗುತ್ತೇವೆ. ಒಬ್ಬರು ಕೂಗುವುದು, ಒಬ್ಬರು ಬರೆಯುವುದು. ಹೀಗೆ ಮಾಡಿದರೆ ಹಿಂದಿನ ಸಾಲಿನಲ್ಲಿ ಮರೆಯಾಗಿ ಕುಳಿತ, ವಾಯಿದೆ ಮುಗಿದ ಪೊಟ್ಟಣವೂ ಕೈಗೆ ಸಿಗುತ್ತದೆ. ಅದು ಉಳಿಕೆಯ ಮೊತ್ತಕ್ಕೆ ಸೇರುವುದಿಲ್ಲ. ಪೊಟ್ಟಣದ ಸರಕಿಗೆ ಒಂದೊಂದರ ಅಸಲು ಹುಡುಕುತ್ತಾ ಕುಳಿತರೆ ಬೆಳಗಾಗುತ್ತದೆ. ಆದ್ದರಿಂದ ಎಂಆರ್‌ಪಿಯಲ್ಲೇ ಕೂಡಿ, ಗುಂಪಿಗೆ ತಕ್ಕ ಲಾಭಾಂಶ ಕಳೆಯುತ್ತೇವೆ: ಬಿಸ್ಕತ್ತು ಒಂದು ಗುಂಪು, ಸೋಪು ಒಂದು, ಮಸಾಲೆ ಪುಡಿ ಒಂದು. ಅಕ್ಕಿ, ಬೇಳೆ, ಸಕ್ಕರೆಯನ್ನು ತೂಗಿ ಕೊನೆಯ ಖರೀದಿ ಬೆಲೆಗೆ ಹಾಕುತ್ತೇವೆ. ಮಂಡಕ್ಕಿಯನ್ನು ಮಾತ್ರ ಕಣ್ಣಳತೆಯಲ್ಲಿ ಬಿಡುತ್ತೇನೆ. ಅರ್ಧ ಚೀಲ ಮಂಡಕ್ಕಿಯಲ್ಲಿ ತಪ್ಪಿದರೂ ಲೆಕ್ಕವೇನೂ ಕೆಡುವುದಿಲ್ಲ. ನಮ್ಮ ವಹಿವಾಟು ವರ್ಷಕ್ಕೆ 40 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದಿರುವುದರಿಂದ, ಖರೀದಿಯಲ್ಲಿ ಕೊಟ್ಟ ತೆರಿಗೆಯೂ ಅಸಲಿನೊಳಗೇ ಸೇರುತ್ತದೆ.

ಬಿಲ್ ಕೊಡದ ಅಂಗಡಿಯಲ್ಲಿ ಮಾರಾಟದ ಮೊತ್ತ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ದುಂಡು ಅಂಕಿಗಳಲ್ಲಿ ಒಂದು ತಿಂಗಳು ಹೀಗಿದೆ. ಯುಪಿಐನಲ್ಲಿ ಬಂದದ್ದು 1,31,000. ಗಲ್ಲಾದಿಂದ ವಿತರಕರಿಗೆ ಕೊಟ್ಟದ್ದು 96,000, ಚಿಲ್ಲರೆ ಖರ್ಚು 3,000, ಬ್ಯಾಂಕಿಗೂ ಮನೆಗೂ ಹೋದದ್ದು 52,000, ಗಲ್ಲಾದಲ್ಲಿ ಹೆಚ್ಚಾಗಿ ಉಳಿದದ್ದು 1,000. ಹಾಗಾದರೆ ನಗದು ಬಂದದ್ದು 1,52,000. ಉದ್ರಿ ಕೊಟ್ಟದ್ದು 38,000, ಹಳೆಯ ಉದ್ರಿ ವಸೂಲಾದದ್ದು 29,000, ಹೆಚ್ಚಳ 9,000. ಮೂರನ್ನೂ ಕೂಡಿದರೆ ಮಾರಾಟ 2,92,000.

ಇನ್ನು ಅಸಲು. ತಿಂಗಳ ಆರಂಭದ ಉಳಿಕೆ 1,80,000, ಖರೀದಿ 2,60,000. ಇದರಲ್ಲಿ ಮನೆಗೆ ಒಯ್ದ ದಿನಸಿ 4,000 ಕಳೆಯಬೇಕು. ಇದಕ್ಕೆ ಗಲ್ಲಾದ ಪಕ್ಕದಲ್ಲೇ ಒಂದು ಪುಟ ಇಟ್ಟಿದ್ದೇವೆ, ಒಂದು ಕೊತ್ತಂಬರಿ ಬೀಜದ ಪೊಟ್ಟಣ ಒಯ್ದರೂ ನನ್ನ ಹೆಂಡತಿ ಬರೆಯುತ್ತಾಳೆ. ಕೊನೆಯ ಉಳಿಕೆ 1,74,000. ಮಾರಾಟವಾದ ಸರಕಿನ ಅಸಲು 2,62,000, ಲಾಭ 30,000. ಅಂದರೆ ನೂರಕ್ಕೆ ಹತ್ತು ಚಿಲ್ಲರೆ. ನಾವು ಮಾರುವ ಸಾಮಾನುಗಳ ಪ್ರಮಾಣ ನೋಡಿದರೆ ನೂರಕ್ಕೆ ಹನ್ನೊಂದೂವರೆ ಬರಬೇಕಿತ್ತು. ಸುಮಾರು ಮೂರೂವರೆ ಸಾವಿರ ಎಲ್ಲೋ ಹೋಗಿದೆ.

ಹೋದದ್ದು ನಿಜವೇ ಎಂದು ಮೊದಲು ನೋಡಬೇಕು, ಏಕೆಂದರೆ ಎಣಿಕೆಯ ಗಡಿ ತಪ್ಪಿದರೂ ಇಂಥ ಅಂಕಿ ಬರುತ್ತದೆ. ಕೊನೆಯ ದಿನ ಸಂಜೆ 12,000 ರೂಪಾಯಿಯ ಎಣ್ಣೆ ಬಾಕ್ಸ್ ಇಳಿಯಿತು ಎಂದುಕೊಳ್ಳಿ. ಬಾಕ್ಸನ್ನು ಎಣಿಸಿದ್ದೇವೆ, ಬಿಲ್ಲನ್ನು ಮಾತ್ರ ಮುಂದಿನ ತಿಂಗಳ ಖರೀದಿಗೆ ಹಾಕಿದ್ದೇವೆ. ಆಗ ಈ ತಿಂಗಳ ಲಾಭ 42,000 ಎಂದು ಉಬ್ಬುತ್ತದೆ, ಮುಂದಿನ ತಿಂಗಳದ್ದು ಅಷ್ಟೇ ಬತ್ತುತ್ತದೆ. ಒಂದು ತಿಂಗಳು ನೂರಕ್ಕೆ ಹದಿನಾಲ್ಕು, ಮರುತಿಂಗಳು ಆರು, ಎರಡರ ಸರಾಸರಿ ಎಂದಿನಂತೆ ಹತ್ತು: ಹೀಗೆ ಕಂಡರೆ ಕಳ್ಳನನ್ನು ಹುಡುಕುವುದು ಬಿಟ್ಟು ಬಿಲ್ಲುಗಳ ತಾರೀಖು ನೋಡಬೇಕು. ತಿಂಗಳು ತಿಂಗಳೂ ಒಂದೇ ಸಮನೆ ಕಡಿಮೆ ಬರುತ್ತಿದ್ದರೆ ಅದು ಸೋರಿಕೆ. ನಮ್ಮದು ಒಂದೇ ಸಮನೆ ಕಡಿಮೆ ಬರುತ್ತಿತ್ತು.

ಸೋರಿಕೆಯ ಜಾಗ ಹುಡುಕಲು ಅವಧಿ ಪದ್ಧತಿಗೆ ಕಣ್ಣಿಲ್ಲ. ಅದಕ್ಕಾಗಿಯೇ ಗೆರೆ ಪುಸ್ತಕ ಮಾಡಿದೆ. ಬೆಲೆ ಹೆಚ್ಚಿರುವ, ದಿನಕ್ಕೆ ನಾಲ್ಕಾರು ಮಾತ್ರ ಹೋಗುವ ಸಾಮಾನಿಗೆ ತಲಾ ಒಂದು ಪುಟ: ತುಪ್ಪ, ಗೋಡಂಬಿ, ಏಲಕ್ಕಿ, ಮಕ್ಕಳ ಹಾಲಿನ ಪುಡಿ, ದೊಡ್ಡ ಚಹಾ ಪುಡಿ ಪೊಟ್ಟಣ, ಐದು ಲೀಟರ್ ಎಣ್ಣೆ ಕ್ಯಾನ್. ಬಂದಾಗ ಸಂಖ್ಯೆ ಬರೆಯುವುದು, ಮಾರಿದಾಗ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯುವುದು, ವಾರಕ್ಕೊಮ್ಮೆ ಎಣಿಸಿ ತಾಳೆ ನೋಡುವುದು. ಸ್ಕ್ಯಾನರ್ ಇಲ್ಲದಿದ್ದರೂ ಇದು ಅಪ್ಪಟ ನಿರಂತರ ಪದ್ಧತಿಯೇ, ಏಕೆಂದರೆ ಗೆರೆ ಬೀಳುವುದು ಮಾರಾಟದ ಹೊತ್ತಿನಲ್ಲಿ. ಬರೀ ರಾತ್ರಿ ಎಣಿಸಿ ‘ಇಷ್ಟು ಹೋಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ಹೋಗಿದ್ದು ಗಿರಾಕಿಯ ಚೀಲಕ್ಕೋ ಯಾರದೋ ಜೇಬಿಗೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಆ ಪುಟಗಳು ಹೆಚ್ಚುಕಡಿಮೆ ತಾಳೆಯಾದವು. ಬೆಲೆಬಾಳುವ ಸಾಮಾನು ಎಲ್ಲಿಯೂ ಹೋಗುತ್ತಿರಲಿಲ್ಲ. ಸಕ್ಕರೆ, ಬೇಳೆಯ ಹೆಚ್ಚು ತೂಕ ಒಂದಿಷ್ಟನ್ನು ವಿವರಿಸಿತು. ಉಳಿದದ್ದು ಬರೆಯದೇ ಹೋದ ಉದ್ರಿ. ಸಂಜೆ ಏಳರ ಗದ್ದಲದಲ್ಲಿ ‘ಅಣ್ಣಾ, ಬರೆದುಕೊಳ್ಳಿ’ ಎಂದು ಗೋಧಿ ಹಿಟ್ಟು, ರವೆ, ಎಣ್ಣೆ ಒಯ್ಯುತ್ತಾರೆ; ಮುಂದಿನವರು ಚಿಲ್ಲರೆ ಚಾಚುತ್ತಾರೆ. ಬರೆಯದ ಉದ್ರಿ ಲೆಕ್ಕದಲ್ಲಿ ಸರಕಿನ ನಷ್ಟದ ವೇಷ ಹಾಕಿಕೊಂಡು ಬರುತ್ತದೆ. ಸರಕು ಹೋಗಿದೆ, ಹಣವೂ ಬಂದಿಲ್ಲ, ಬಾಕಿಯೂ ಕಾಣುವುದಿಲ್ಲ. ಈಗ ಸಾಮಾನು ಕೈಗೆ ಕೊಡುವ ಮೊದಲೇ ಹೆಸರು, ಮೊತ್ತ ಬರೆದ ಚೀಟಿ ಗಲ್ಲಾದ ಮೇಲಿನ ತಂತಿಗೆ ಚುಚ್ಚಲೇಬೇಕು. ರಾತ್ರಿ ಖಾತೆಗೆ ಏರಿಸುತ್ತೇವೆ. ಕೆಲವು ತಿಂಗಳಲ್ಲಿ ಲಾಭ ಹನ್ನೊಂದರ ಮೇಲೆ ಬಂದು ನಿಂತಿತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇರುವ ವ್ಯಾಪಾರಿ ನಿಯಮ 56ರ ಪ್ರಕಾರ ಬಂದದ್ದು, ಹೋದದ್ದು, ಕಳೆದದ್ದು, ಕಳುವಾದದ್ದು, ಉಳಿದದ್ದು ಎಲ್ಲವನ್ನೂ ತೋರಿಸುವ ದಾಸ್ತಾನು ಲೆಕ್ಕ ಇಡಬೇಕು. ಕಾಂಪೊಸಿಷನ್ ಯೋಜನೆಯವರಿಗೆ ಆ ಲೆಕ್ಕದಿಂದ ವಿನಾಯಿತಿ ಇದೆ. 2025ರಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೊತ್ತದ ಆಧಾರದಲ್ಲಿ ನೋಟಿಸುಗಳು ಬಂದಾಗಿನಿಂದ, ಖರೀದಿ ಬಿಲ್ಲುಗಳನ್ನೂ ಎಣಿಕೆಯ ಹಾಳೆಗಳನ್ನೂ ತಿಂಗಳುವಾರು ದಾರ ಕಟ್ಟಿ ಇಟ್ಟಿದ್ದೇನೆ.

ಸರಕೆಲ್ಲ ಪೊಟ್ಟಣದ್ದೇ ಆಗಿದ್ದರೆ, ಗಲ್ಲಾದಲ್ಲಿ ಕೂರುವುದು ಸಂಬಳದವರೇ ಆಗಿದ್ದರೆ, ಅಥವಾ ಬ್ಯಾಚಿನ ವಾಯಿದೆ ನೋಡಲೇಬೇಕಾದ ಔಷಧದಂಗಡಿಯಾಗಿದ್ದರೆ ನಾನೂ ಸ್ಕ್ಯಾನರನ್ನೇ ಹಿಡಿಯುತ್ತಿದ್ದೆ. ಪಕ್ಕದ ಮಳಿಗೆ ಖಾಲಿಯಾದರೆ ತೆಗೆದುಕೊಳ್ಳುವ ಯೋಚನೆಯಿದೆ. ಹಾಗಾದರೆ ಪೊಟ್ಟಣದ ಸರಕನ್ನು ಸಾಫ್ಟ್‌ವೇರಿಗೆ ಹಾಕಿ, ಅಕ್ಕಿ, ಬೇಳೆ, ಸಕ್ಕರೆಯನ್ನು ‘ಬಿಡಿ ಸಾಮಾನು’ ಎಂಬ ಒಂದೇ ಹೆಸರಿನಲ್ಲಿ ಬಿಲ್ ಮಾಡಿ, ಅದರ ಉಳಿಕೆಯನ್ನು ಮಾತ್ರ ಈಗಿನಂತೆಯೇ ತಿಂಗಳ ಕೊನೆಯಲ್ಲಿ ತೂಗುತ್ತೇನೆ.