ತೆಳು ಕೂದಲಿಗೆ ಪಿಕ್ಸಿ ಕಟ್: ಮುಖಕ್ಕಿಂತ ಮೊದಲು ಸುಳಿ ನೋಡಿ

ಮೈಸೂರಿನ ಪಾರ್ಲರ್‌ಗಳಲ್ಲಿ ಪಿಕ್ಸಿ ಕೇಳುವ ಹೆಂಗಸರು ಈಗ ಜಾಸ್ತಿ. ಅವರಲ್ಲಿ ತೆಳು, ನುಣುಪು, ನೇರ ಕೂದಲಿನವರು ಮಾತ್ರ ಕುರ್ಚಿಯಿಂದ ಏಳುವಾಗ ಬೇಜಾರಾಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೊಬೈಲಿನಲ್ಲಿ ತೋರಿಸಿದ ಫೋಟೊ ಒಂದು, ಕನ್ನಡಿಯಲ್ಲಿ ಕಂಡದ್ದು ಇನ್ನೊಂದು. ನಿಜವಾಗಿ ಇಂಥ ಕೂದಲಿಗೆ ಗಿಡ್ಡ ಕಟ್ ಚೆನ್ನಾಗಿಯೇ ಒಪ್ಪುತ್ತದೆ. ಉದ್ದ ಬಿಟ್ಟಾಗ ತನ್ನ ಭಾರಕ್ಕೇ ತಲೆಗೆ ಅಂಟಿಕೊಳ್ಳುವ ಕೂದಲು, ಕತ್ತರಿಸಿದ ಮೇಲೆ ಬುಡದಿಂದ ಸ್ವಲ್ಪ ಏಳುತ್ತದೆ. ಎಷ್ಟು ಗಿಡ್ಡ, ಎಲ್ಲಿ ಗಿಡ್ಡ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಂಡು ಹೋಗಬೇಕು, ಅಷ್ಟೆ.

ಮೊದಲು, ಕೂದಲನ್ನು ತಿಳಿದುಕೊಳ್ಳಿ. ಎಳೆ ಸಣ್ಣಗಿರುವುದು ಬೇರೆ, ಕೂದಲು ವಿರಳವಾಗಿರುವುದು ಬೇರೆ. ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ. ಇದೆಯೋ ಇಲ್ಲವೋ ಅನ್ನಿಸಿದರೆ ಎಳೆ ಸಣ್ಣ. ಬೈತಲೆ ತೆಗೆಯದೆಯೂ ನೆತ್ತಿಯ ಚರ್ಮ ಕಂಡರೆ ಕೂದಲು ವಿರಳ. ಎರಡೂ ಇದ್ದರೆ ತಲೆಯ ಮೇಲ್ಭಾಗವನ್ನು ತೀರಾ ಗಿಡ್ಡ ಮಾಡಿಸಬೇಡಿ. ಜ್ವರವೋ ಹೆರಿಗೆಯೋ ಆಗಿ ಎರಡು ಮೂರು ತಿಂಗಳಿಗೆ ಕೂದಲು ಸಿಕ್ಕಾಪಟ್ಟೆ ಉದುರುತ್ತಿದ್ದರೆ, ಅದು ನಿಲ್ಲುವವರೆಗೆ ಕಾಯಿರಿ. ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. "ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬಾ, ದಪ್ಪಗೆ ಬರುತ್ತೆ" ಎಂದು ಹೇಳುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಹರಕೆ ಇದ್ದರೆ ಖಂಡಿತ ಕೊಡಿ. ಆದರೆ ಬೋಳಿಸಿದರೂ, ಗಿಡ್ಡ ಮಾಡಿಸಿದರೂ ಕೂದಲು ದಪ್ಪವಾಗುವುದಿಲ್ಲ. ಹೊಸದಾಗಿ ಚಿಗುರಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ.

ಈಗ ಸುಳಿ. ಕಟ್ ಕೆಡುವುದು ಹೆಚ್ಚಾಗಿ ಇಲ್ಲೇ. ಗುಂಡು ಮುಖ, ಉದ್ದ ಮುಖ ಎಂದು ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ತಲೆಯ ಹಿಂದಿನ ಸುಳಿಯನ್ನು ಯಾರೂ ನೋಡುವುದಿಲ್ಲ. ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ, ಬಾಚದೆ, ಕೂದಲನ್ನು ಗಾಳಿಗೆ ಒಣಗಲು ಬಿಡಿ. ಆಮೇಲೆ ಮನೆಯವರ ಕೈಲಿ ಮೇಲಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆಸಿ. ಸುಳಿ ಎಲ್ಲಿದೆ, ಒಂದೋ ಎರಡೋ, ಯಾವ ಕಡೆಗೆ ತಿರುಗಿದೆ ಎಂದು ಅದರಲ್ಲಿ ಕಾಣುತ್ತದೆ.

ಸುಳಿಯಿಂದ ಕೂದಲು ಸುತ್ತಲೂ ಹೊರಕ್ಕೆ ಹರಡಿಕೊಳ್ಳುತ್ತದೆ. ದಟ್ಟ ಕೂದಲಿನಲ್ಲಿ ನಡುವಿನ ಜಾಗ ಮುಚ್ಚಿಹೋಗುತ್ತದೆ. ತೆಳು ಕೂದಲನ್ನು ಅಲ್ಲಿ ಎರಡು ಮೂರು ಸೆಂಟಿಮೀಟರಿಗೆ ಇಳಿಸಿದರೆ ನಡುವಿನ ಚರ್ಮ ಕಾಣಿಸಿಕೊಳ್ಳುತ್ತದೆ. ನಮ್ಮ ಕಪ್ಪು ಕೂದಲಿಗೂ ನೆತ್ತಿಯ ಚರ್ಮದ ಬಣ್ಣಕ್ಕೂ ವ್ಯತ್ಯಾಸ ಜಾಸ್ತಿ. ಹಾಗಾಗಿ ಅದು ಬೊಕ್ಕತಲೆಯ ಶುರುವಿನ ಹಾಗೆ ಎದ್ದು ಕಾಣುತ್ತದೆ. ಆದ್ದರಿಂದ ಸುಳಿಯ ಸುತ್ತ ಕನಿಷ್ಠ ಆರು ಸೆಂಟಿಮೀಟರ್ ಉಳಿಸಿ. ಅದರ ಮುಂದಿನ ಕೂದಲು ಇನ್ನೂ ಸ್ವಲ್ಪ ಉದ್ದವಿರಲಿ, ಅದು ಹಿಂದಕ್ಕೆ ಬಂದು ಸುಳಿಯನ್ನು ಮುಚ್ಚಬೇಕು. ಎರಡು ಸುಳಿ ಇರುವವರಿಗೆ ನಡುವಿನ ಕೂದಲು ಸೆಟೆದು ನಿಲ್ಲುತ್ತದೆ. ಅವರು ಇನ್ನೊಂದು ಸೆಂಟಿಮೀಟರ್ ಜಾಸ್ತಿಯೇ ಬಿಡಿಸಬೇಕು.

ಕತ್ತಿನ ಹಿಂದೆಯೂ ಹೀಗೇ ಬೆರಳಾಡಿಸಿ ನೋಡಿ. ಕೆಲವರಿಗೆ ಅಲ್ಲಿ ಕೂದಲು ಮೇಲ್ಮುಖವಾಗಿಯೋ ಒಂದೇ ಬದಿಗೋ ಬೆಳೆಯುತ್ತದೆ. ಅಂಥವರಿಗೆ ಮೆಷಿನ್ ಹಾಕಿ ಮೇಲಿನವರೆಗೆ ಏರಿಸಿದರೆ ಎರಡನೇ ವಾರಕ್ಕೇ ಮುಳ್ಳುಮುಳ್ಳಾಗಿ ಹೊರಚಾಚುತ್ತದೆ. ಬಾಚಣಿಗೆ ಹಿಡಿದು ಕತ್ತರಿಯಲ್ಲೇ ಎರಡು ಸೆಂಟಿಮೀಟರಿಗೆ ಇಳಿಸುವುದು ಒಳ್ಳೆಯದು.

ಮಂಡ್ಯದ ನಮ್ಮ ಅತ್ತಿಗೆಯ ಕಟ್ಟನ್ನು ಹೀಗೆಯೇ ತೀರ್ಮಾನಿಸಿದೆವು. ಅವರದು ಸಣ್ಣ ಎಳೆ. ಜುಟ್ಟು ಕಟ್ಟಿದರೆ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಸುತ್ತಬೇಕಿತ್ತು. ಕಣತಲೆಯ ಹತ್ತಿರ ಕೂದಲು ಕಡಿಮೆ, ಸುಳಿ ಒಂದೇ, ಸ್ವಲ್ಪ ಬಲಕ್ಕೆ. ಅವರು ತಂದಿದ್ದ ಫೋಟೊದಲ್ಲಿ ಎರಡೂ ಬದಿ ಬೋಳಿಸಿದಂತಿತ್ತು. ಅದನ್ನು ಬಿಡಿಸಿದೆ. ಬದಿ ಅಷ್ಟು ಗಿಡ್ಡವಾದರೆ ಕಣತಲೆಯ ಖಾಲಿ ಜಾಗ ಬಯಲಾಗುತ್ತಿತ್ತು. ಕೊನೆಗೆ ನೆತ್ತಿಯ ಮುಂಭಾಗ ಎಂಟು ಸೆಂಟಿಮೀಟರ್, ಸುಳಿಯಲ್ಲಿ ಆರು, ಬದಿಯಲ್ಲಿ ಅರ್ಧ ಕಿವಿ ಮುಚ್ಚುವಷ್ಟು, ಕತ್ತಿನಲ್ಲಿ ಎರಡು ಎಂದು ಇಟ್ಟುಕೊಂಡೆವು. ಹಣೆಯ ಮೇಲಿನ ಕೂದಲು ಓರೆಯಾಗಿ ಎಡಕ್ಕೆ. ಅದನ್ನೂ ಮುಂದಿನ ಸಣ್ಣ ತ್ರಿಕೋನದಿಂದಷ್ಟೇ ತೆಗೆಸಿದೆ. ಹಿಂದಿನಿಂದ ಎಳೆದು ದಪ್ಪ ಫ್ರಿಂಜ್ ಮಾಡಿದರೆ ಹಣೆ ತುಂಬುತ್ತದೆ, ನೆತ್ತಿ ಖಾಲಿಯಾಗುತ್ತದೆ.

ಪಾರ್ಲರ್‌ನಲ್ಲಿ. ನಿಮ್ಮಂಥದೇ ಕೂದಲಿನವರ ಫೋಟೊ ಹುಡುಕಿ. ಮುಂದಿನದು, ಬದಿಯದು, ಹಿಂದಿನದು ಮೂರೂ ಇರಲಿ. ನಿಮ್ಮ ಸುಳಿಯ ಫೋಟೊವನ್ನೂ ತೋರಿಸಿ. ಕುರ್ಚಿಯಲ್ಲಿ ಕೂತ ಮೇಲೆ ಒಂದು ಮಾತು ಖಂಡಿತ ಬರುತ್ತದೆ: "ಸ್ವಲ್ಪ ಲೈಟ್ ಮಾಡ್ತೀನಿ ಮೇಡಂ, ಬೌನ್ಸ್ ಬರುತ್ತೆ." ಆಗ ಕೈಯಲ್ಲಿ ಹಲ್ಲುಹಲ್ಲಿನ ಕತ್ತರಿ ಇರುತ್ತದೆ. ಬೇಡ ಎಂದುಬಿಡಿ. ಅದು ದಟ್ಟ ಕೂದಲನ್ನು ತೆಳು ಮಾಡುವ ಕತ್ತರಿ. ತೆಳು ಕೂದಲಿಗೆ ಹಾಕಿದರೆ ತುದಿಗಳು ಜಾಳಾಗಿ ಅದರೊಳಗಿಂದ ಚರ್ಮ ಕಾಣುತ್ತದೆ, ಸರಿಹೋಗಲು ತಿಂಗಳುಗಳೇ ಬೇಕು. ರೇಜರ್ ಕೂಡ ಬೇಡ. ಅಂಚು ತುಂಬಿಕೊಂಡಂತೆ ಕಾಣಬೇಕಾದರೆ ನೇರ ಕತ್ತರಿಯೇ ಸರಿ. ಮೇಲ್ಭಾಗದಲ್ಲಿ ಬೇಕಿದ್ದರೆ ಕತ್ತರಿಯ ಮೊನೆಯಿಂದ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಒಡೆಯಲಿ.

ನೇರ ಕೂದಲಿನಲ್ಲಿ ಕತ್ತರಿಯ ಒಂದೊಂದು ಗುರುತೂ ಕಾಣುತ್ತದೆ. ಹಾಗಾಗಿ ಒದ್ದೆಯಲ್ಲಿ ಕತ್ತರಿಸಿದ ಮೇಲೆ ಪೂರ್ತಿ ಒಣಗಿಸಿ, ಮೆಟ್ಟಿಲು ಬಿದ್ದಲ್ಲಿ ಮತ್ತೆ ಸರಿಮಾಡಲು ಹೇಳಿ. ಏಳುವ ಮುಂಚೆ ಕೈಗನ್ನಡಿ ಕೇಳಿ, ಟ್ಯೂಬ್‌ಲೈಟಿನ ಕೆಳಗೆ ಸುಳಿಯನ್ನು ನೋಡಿಕೊಳ್ಳಿ.

ಮನೆಯಲ್ಲಿ. ಜೆಲ್ ತರಬೇಡಿ. ಅದು ಎಳೆಗಳನ್ನು ಗುಂಪುಗುಂಪಾಗಿ ಅಂಟಿಸಿ ನಡುನಡುವೆ ಚರ್ಮ ತೋರಿಸುತ್ತದೆ. ಸೀರಮ್ಮೂ ಇಂಥ ಕೂದಲಿಗೆ ಭಾರ. ನಿಂಬೆಗಾತ್ರದ ಮೂಸ್ ಸಾಕು, ಅದೂ ಬುಡಕ್ಕೆ. ಎಣ್ಣೆ ಬಿಡಲಾರೆ ಅನ್ನುವವರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದುಬಿಡಿ, ಹಚ್ಚಿಕೊಂಡು ಹೊರಗೆ ಹೋಗಬೇಡಿ. ಬೋರ್‌ವೆಲ್ಲಿನ ಗಡಸು ನೀರಿನ ಮನೆಯಾದರೆ ಕೊನೆಯ ಒಂದು ಚೊಂಬು ನೀರನ್ನಾದರೂ ಫಿಲ್ಟರಿನದು ಸುರಿದುಕೊಳ್ಳಿ. ಇಲ್ಲದಿದ್ದರೆ ಕೂದಲು ಮಂಕಾಗಿ ಅಂಟಂಟಾಗುತ್ತದೆ.

ಒಣಗಿಸುವಾಗ ಸುಳಿಯ ಜಾಗವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬ್ರಷ್‌ನಿಂದ ತಳ್ಳುತ್ತಾ ಬಿಸಿಗಾಳಿ ಬಿಡಿ. ಬುಡ ಒದ್ದೆ ಇರುವಾಗಲೇ ಮಾಡಬೇಕು, ಒಣಗಿದ ಮೇಲೆ ಸುಳಿ ಮಾತು ಕೇಳುವುದಿಲ್ಲ. ಸ್ಕೂಟರಿನವರಿಗೆ ಹೆಲ್ಮೆಟ್ ತೆಗೆದ ಕೂಡಲೇ ತಲೆ ಚಪ್ಪಟೆಯಾಗಿರುತ್ತದೆ. ಬೈತಲೆಯನ್ನು ಇನ್ನೊಂದು ಬದಿಗೆ ಹೊರಳಿಸಿ, ಬುಡದಲ್ಲಿ ಬೆರಳಾಡಿಸಿದರೆ ಮತ್ತೆ ಏಳುತ್ತದೆ.

ಹೂ ಮುಡಿಯುವುದು ಹೇಗೆ ಎಂದು ಅತ್ತಿಗೆ ಕೇಳಿದ್ದರು. ಮುಂದೆ ಎಂಟು ಸೆಂಟಿಮೀಟರ್ ಇದ್ದರೆ ಕಿವಿಯ ಮೇಲೆ ಟಿಕ್‌ಟಾಕ್ ಕ್ಲಿಪ್ ನಿಲ್ಲುತ್ತದೆ. ಅದಕ್ಕೆ ಗೇಣಿಗಿಂತ ಕಮ್ಮಿ ಮಲ್ಲಿಗೆ ಸಿಕ್ಕಿಸಬಹುದು, ಮೊಳ ಹೂವಿನ ಭಾರ ತಡೆಯುವುದಿಲ್ಲ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಐದಾರು ವಾರಕ್ಕೊಮ್ಮೆ ಕತ್ತು ಮತ್ತು ಕಿವಿಯ ಸುತ್ತ ಮಾತ್ರ ಸರಿಮಾಡಿಸಿ. ಸುಳಿಯ ಕಡೆ ಕತ್ತರಿ ಹೋಗುವುದು ಎರಡು ಸಲಕ್ಕೊಮ್ಮೆ ಸಾಕು.